ನಾಲ್ಕನೆಯ ದೀಪ

ಕರೆಂಟು ಹೋದಾಗ ಮಂಗಳೂರಿನವರೆಲ್ಲ ವಿದ್ಯುತ್ ಬೋರ್ಡಿನವರಿಗೆ ಸಹಸ್ರನಾಮ ಹೇಳುತ್ತಿದ್ದ ಕಾಲ ಅದು. ಗುರುಪುರ ಹೊಳೆಯ ದಂಡೆಯಲ್ಲಿದ್ದ ಶೀನಪ್ಪ ಶೆಟ್ಟರ ಹಂಚಿನ ಕಾರ್ಖಾನೆಯಲ್ಲಿ ಮಾತ್ರ ಕರೆಂಟು ಹೋದರೆ ಹೆಂಗಸರು ಸೆರಗು ಬಿಗಿದು ಏಳುತ್ತಿದ್ದರು. ಅದು ಪಗ್‌ಮಿಲ್ಲಿನ ಹೊಟ್ಟೆ ತೊಳೆಯುವ ಹೊತ್ತು. ಪಗ್‌ಮಿಲ್ಲು ಎಂದರೆ ಜೇಡಿಮಣ್ಣು ನಾದುವ ಯಂತ್ರ. ಉದ್ದನೆಯ ಕಬ್ಬಿಣದ ತೊಟ್ಟಿ, ಒಳಗೆ ಒಂದು ದಿಂಡು, ದಿಂಡಿನ ತುಂಬ ಮೊಣಕೈ ಉದ್ದದ ಅಲಗುಗಳು. ಅದು ನಿಂತ ಕೂಡಲೇ ಅಲಗಿಗೆ ಹತ್ತಿದ ಮಣ್ಣು ತೆಗೆಯದಿದ್ದರೆ ಮಣ್ಣು ಬಿಗಿದು ಕೂರುತ್ತದೆ, ಆಮೇಲೆ ಮೋಟಾರು ಎಷ್ಟು ಗೊಣಗಿದರೂ ದಿಂಡು ಅಲ್ಲಾಡುವುದಿಲ್ಲ. ಹಾಗಾಗಿ ಮಿಲ್ಲಿನ ಕೆಲಸದ ಅಪ್ಪಿ ಮುಚ್ಚಳ ಎತ್ತಿ, ಎರಡೂ ಕೈಯನ್ನು ಮೊಣಕೈವರೆಗೆ ಒಳಗಿಳಿಸಿ, ಅಲಗುಗಳ ನಡುವಿನ ಮಣ್ಣನ್ನು ಬೆರಳಲ್ಲೇ ಕೆರೆದು ತೆಗೆಯುತ್ತಿದ್ದಳು. ಇಪ್ಪತ್ತೆಂಟು ವರ್ಷದಿಂದ ಹಾಗೇ ಮಾಡುತ್ತಿದ್ದಳು, ಹತ್ತು ಬೆರಳೂ ನೆಟ್ಟಗಿದ್ದವು.

ನೆಟ್ಟಗಿದ್ದುದಕ್ಕೆ ಕಾರಣ ಅಪ್ಪಿಯ ಜಾಗ್ರತೆಯೊಂದೇ ಅಲ್ಲ, ಅವಳು ನಂಬಿದ ದೈವವೊಂದೇ ಅಲ್ಲ. ದೈವದ ಪಾಲು ಎಷ್ಟೋ ನನಗೆ ಗೊತ್ತಿಲ್ಲ, ಆದರೆ ಗೋಡೆಯ ಮೇಲಿದ್ದ ಹಳೆಯ ಸ್ಟಾರ್ಟರಿನ ಪಾಲು ದೊಡ್ಡದು. ಅದರ ಹಸಿರು ಗುಂಡಿ ಒತ್ತಿದರೆ ಒಳಗಿನ ತಂತಿಯ ಸುರುಳಿ, ಅಂದರೆ ಕಾಯಿಲು, ಒಂದು ಕಬ್ಬಿಣದ ತುಂಡನ್ನು ಠಕ್ಕೆಂದು ಎಳೆದು ಹಿಡಿದುಕೊಳ್ಳುತ್ತಿತ್ತು, ಮೋಟಾರು ತಿರುಗುತ್ತಿತ್ತು. ಕರೆಂಟು ಹೋದರೆ ಕಾಯಿಲು ಕೈಬಿಡುತ್ತಿತ್ತು. ಕರೆಂಟು ಮರಳಿ ಬಂದರೂ ತಾನಾಗಿ ಹಿಡಿಯುವ ಬುದ್ಧಿ ಅದಕ್ಕಿರಲಿಲ್ಲ. ಮತ್ತೆ ಒಬ್ಬ ಮನುಷ್ಯ ನಡೆದು ಹೋಗಿ, ಒಳಗೆ ಯಾರ ಕೈಯೂ ಇಲ್ಲವೆಂದು ನೋಡಿ, ಹಸಿರು ಗುಂಡಿ ಒತ್ತಬೇಕಿತ್ತು.

ಆ ಮನುಷ್ಯ ಕೃಷ್ಣರಾಜ ಭಟ್ಟ. ಕಾರ್ಖಾನೆಯ ಎಲೆಕ್ಟ್ರಿಕಲ್ ಸೂಪರ್‌ವೈಸರ್, ಲೈಸೆನ್ಸು ಇದ್ದವನು. ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ಅವನಿಗೆ ನಲವತ್ತಾರು ವರ್ಷ. ಸಣ್ಣ ದನಿ, ಜೇಬಿನಲ್ಲಿ ಸದಾ ಒಂದು ಟೆಸ್ಟರು. ಅವನ ಮಾತು ಕೇಳಬೇಕಾದರೆ ಎದುರಿನವರು ಒಂದು ಹೆಜ್ಜೆ ಮುಂದೆ ಬರಬೇಕಾಗುತ್ತಿತ್ತು. ದೇರೆಬೈಲಿನಲ್ಲಿ ಶೆಟ್ಟರ ಮನೆತನದ ದೇವಸ್ಥಾನಕ್ಕೆ ಅವನ ಅಜ್ಜ ಪೂಜೆ ಮಾಡಿದ್ದರು, ಈಗ ಅಪ್ಪಯ್ಯ ಮಾಡುತ್ತಿದ್ದರು. ಅವರಿದ್ದ ಮನೆ ಶೆಟ್ಟರ ಜಾಗದಲ್ಲಿತ್ತು, ಬಾವಿ ಶೆಟ್ಟರದು, ಕೃಷ್ಣರಾಜನಿಗೆ ಈ ಕೆಲಸ ಕೊಟ್ಟದ್ದೂ ಶೆಟ್ಟರೇ. ಇದನ್ನೆಲ್ಲ ಶೆಟ್ಟರು ಒಂದು ದಿನವೂ ಎತ್ತಿ ಆಡಿದವರಲ್ಲ. ಎತ್ತಿ ಆಡಿದ್ದರೆ ಒಮ್ಮೆಯಾದರೂ ಜಗಳ ಮಾಡಿ ಹಗುರಾಗಬಹುದಿತ್ತು. ಆಡದೇ ಇದ್ದುದರಿಂದ ಕೃಷ್ಣರಾಜ ಹುಟ್ಟಿದಾಗಿನಿಂದ ಒಳ್ಳೆಯತನದ ಬೇಲಿಯೊಳಗೇ ಬದುಕಿದ್ದ. ಆ ಬೇಲಿಗೆ ಗೇಟು ಎಲ್ಲಿದೆ ಎಂದು ಅವನು ಹುಡುಕಿಯೂ ಇರಲಿಲ್ಲ.

ಆ ವರ್ಷ ಶೆಟ್ಟರ ತಂಗಿಯ ಮಗ ನಿತ್ಯಾನಂದ ಬಾಂಬೆಯಿಂದ ಬಂದ. ಮಾವನ ಕಾರ್ಖಾನೆ ಮುಂದೆ ಅಳಿಯನಿಗೆ ಎಂಬುದು ಅಳಿಯಸಂತಾನದ ಆ ಮನೆಯಲ್ಲಿ ಹೇಳಬೇಕಾದ ಮಾತಲ್ಲ. ಇಂಜಿನಿಯರಿಂಗ್ ಓದಿದವ, ಇಪ್ಪತ್ತೊಂಬತ್ತರ ಪ್ರಾಯ, ಚುರುಕು, ತಾಳ್ಮೆ ಮಾತ್ರ ಕಡಿಮೆ. ಎಲ್ಲರೂ ಮನೆಯ ಮೇಲೆ ಸಿಮೆಂಟಿನ ಮಾಡು ಹಾಕಿಸುತ್ತಿದ್ದಾರೆ, ಹಂಚಿಗೆ ಇನ್ನು ಹತ್ತು ವರ್ಷ ಆಯುಷ್ಯ, ಬದುಕಬೇಕಾದರೆ ಹೊಸ ಬಗೆಯಲ್ಲಿ ಮಾಡಬೇಕು ಎಂದು ಮಾವನಿಗೆ ಹೇಳಿ, ಒಂದು ಕಂಪ್ಯೂಟರ್ ತಂದು ಆಫೀಸಿನ ಮೇಜಿನ ಮೇಲಿಟ್ಟ. ಮಣ್ಣಿನ ಬೆಲ್ಟು, ಮಣ್ಣು ಅರೆಯುವ ರೋಲರು, ನೀರಿನ ಪಂಪು, ಪಗ್‌ಮಿಲ್ಲು, ಒತ್ತುವ ಪ್ರೆಸ್ಸು, ಒಣಗಿಸುವ ಫ್ಯಾನು, ಎಲ್ಲವನ್ನೂ ಇದು ನಡೆಸುತ್ತದೆ ಎಂದ. ಪ್ರೋಗ್ರಾಮು ಬರೆಯಬೇಕಾದವನು ಯಾರು ಎಂದಾಗ ಅವನ ಕಣ್ಣು ಕೃಷ್ಣರಾಜನ ಮೇಲೆ ಬಿತ್ತು.

ಹೀಗೆ ನಲವತ್ತಾರರ ಭಟ್ಟ ಸಂಜೆ ಹೊತ್ತು ಹಂಪನಕಟ್ಟೆಯ ಒಂದು ಮಾಳಿಗೆಯಲ್ಲಿ, ತನ್ನ ಮಗಳ ಪ್ರಾಯದವರ ಜೊತೆ ಕೂತು ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಕಲಿತ. ಹೆಂಡತಿ ವಾರಿಜಾಕ್ಷಿ, "ಅಪ್ಪಯ್ಯ ಮಂತ್ರ ಹೇಳಿಕೊಟ್ಟಾಗ ಇಷ್ಟು ಶ್ರದ್ಧೆ ಇರ್ಲಿಲ್ಲವಂತೆ" ಎಂದು ನಕ್ಕಳು. ನಿಜವಾಗಿ ಅವನಿಗೆ ಆ ಕೆಲಸ ಬಹಳ ಖುಷಿ ಕೊಟ್ಟಿತ್ತು. ಇಪ್ಪತ್ತೆರಡು ವರ್ಷ ಫ್ಯೂಸು ಕಟ್ಟಿದ ಕೈಗೆ ಮೊದಲ ಬಾರಿ ತನ್ನದೇ ಒಂದು ವಸ್ತು ಸಿಕ್ಕಿತ್ತು.

ಅದಕ್ಕೇ ಅವನು ಒಂದು ಹಟ ಹಿಡಿದ. ಮೊದಲು ಎಲ್ಲವನ್ನೂ ಕಂಪ್ಯೂಟರಿನಲ್ಲೇ ನಡೆಸಿ ನೋಡಬೇಕು, ಒಂದು ಮೋಟಾರಿನ ವೈರನ್ನೂ ಮುಟ್ಟಬಾರದು. ನಿತ್ಯಾನಂದ ಒಪ್ಪಿದ. ಕೃಷ್ಣರಾಜ ಒಂದು ಸಿಮ್ಯುಲೇಟರ್ ಬರೆದ. ತೆರೆಯ ಮೇಲೆ ಗೆರೆಗಳಲ್ಲಿ ಬರೆದ ಇಡೀ ಕಾರ್ಖಾನೆ, ಬೆಲ್ಟಿನ ಮೇಲೆ ಚುಕ್ಕಿಗಳ ಮಣ್ಣು. ಕೀಲಿಮಣೆಯ ಒಂದೊಂದು ಅಕ್ಷರ ಒಂದೊಂದು ತೊಂದರೆ. ಒಂದನ್ನು ಒತ್ತಿದರೆ ಬೆಲ್ಟು ಸಿಕ್ಕಿಕೊಳ್ಳುತ್ತದೆ, ಇನ್ನೊಂದಕ್ಕೆ ನೀರಿನ ಟ್ಯಾಂಕಿ ಬರಿದಾಗುತ್ತದೆ, ಮತ್ತೊಂದಕ್ಕೆ ಮೋಟಾರು ಬಿಸಿಯೇರುತ್ತದೆ. ಪ್ರೋಗ್ರಾಮು ಅದಕ್ಕೆ ಸರಿಯಾಗಿ ಒಂದೊಂದನ್ನೇ ನಿಲ್ಲಿಸಬೇಕು. ಶುರು ಮಾಡುವಾಗ ಮೊದಲು ಸೈರನ್ ಹತ್ತು ಸೆಕೆಂಡು ಕೂಗಬೇಕು, ಆಮೇಲೆ ಕೊನೆಯ ಯಂತ್ರ ಮೊದಲು, ಮೊದಲನೆಯದು ಕೊನೆಗೆ. ಇಲ್ಲವಾದರೆ ನಿಂತ ಯಂತ್ರದ ಮೇಲೆ ಮಣ್ಣು ರಾಶಿ ಬೀಳುತ್ತದೆ. ಮೊದಲ ವಾರ ತೆರೆಯ ಮೇಲೆ ದಿನಕ್ಕೆ ನಾಲ್ಕು ಸಲ ರಾಶಿ ಬಿದ್ದಿತು. ನಿಜವಾದ ಮಣ್ಣು ಒಂದು ಬುಟ್ಟಿಯೂ ಚೆಲ್ಲಲಿಲ್ಲ.

ಪ್ರೋಗ್ರಾಮಿನ ಅಪ್ಪಣೆ ಹೊರಗೆ ಹೋಗುವುದು ಪ್ರಿಂಟರಿನ ವೈರು ಸಿಕ್ಕಿಸುವ ಜಾಗದಿಂದ. ಅಲ್ಲಿ ಎಂಟು ತಂತಿ. ಅವಕ್ಕೆ ಮೋಟಾರಿನ ಬದಲು ಎಂಟು ಸಣ್ಣ ಕೆಂಪು ದೀಪ ಜೋಡಿಸಿ, ಒಂದು ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲೆ ಸಾಲಾಗಿ ಕೂರಿಸಿದ. ಒಂದನೆಯದು ಬೆಲ್ಟು, ಎರಡನೆಯದು ನೀರಿನ ಪಂಪು, ಮೂರು ರೋಲರು, ನಾಲ್ಕು ಪಗ್‌ಮಿಲ್ಲು, ಐದು ಪ್ರೆಸ್ಸು, ಆರು ಫ್ಯಾನು, ಏಳು ಸೈರನ್, ಎಂಟು ಖಾಲಿ. ದೀಪಗಳಿಗೆ ಕರೆಂಟು ನಾಲ್ಕು ಟಾರ್ಚ್ ಸೆಲ್ಲುಗಳಿಂದ. ಊಟದ ಹೊತ್ತಿಗೆ ಕೆಲಸದವರು ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದರು.

"ಎಂತ ಭಟ್ರೇ, ದೀಪಾವಳಿಯಾ?" ಎಂದು ಅಪ್ಪಿ ಒಮ್ಮೆ ಕೇಳಿದಳು.

"ಇದು ಕಾರ್ಖಾನೆ ಅಪ್ಪಿಯಕ್ಕ. ನಾಲ್ಕನೆಯದು ನೀವು ಕೆಲಸ ಮಾಡುವ ಮಿಲ್ಲು."

"ಇಷ್ಟು ಸಣ್ಣದಾ? ಹಾಗಾದ್ರೆ ನಾಳೆಯಿಂದ ನನ್ನ ಮೊಮ್ಮಗಳು ತೊಳೆದಾಳು," ಎಂದು ನಕ್ಕು ಹೋದಳು.

ಕೃಷ್ಣರಾಜನಿಗೆ ಒಂದು ಅಭ್ಯಾಸವಿತ್ತು. ಸೆಲ್ಲು ಖರ್ಚಾಗಬಾರದೆಂದು ಡಬ್ಬಿಯ ಸ್ವಿಚ್ಚನ್ನು ಎಲ್ಲಕ್ಕಿಂತ ಕೊನೆಗೆ ಹಾಕುತ್ತಿದ್ದ. ಮೊದಲು ಕಂಪ್ಯೂಟರ್ ಹಾಕುವುದು. ಅದು ತನ್ನ ನೆನಪಿನ ಶಕ್ತಿಯನ್ನು ಒಂದೊಂದಾಗಿ ಎಣಿಸಿಕೊಂಡು, ಒಮ್ಮೆ ಬೀಪ್ ಎಂದು, ಫ್ಲಾಪಿ ಗರಗರ ಓದಿ, ಪ್ರೋಗ್ರಾಮು ತೆರೆಯ ಮೇಲೆ ಬರುವುದಕ್ಕೆ ಎರಡು ನಿಮಿಷ. ಆಮೇಲೆ ಡಬ್ಬಿ. ಕೆಲಸ ಮುಗಿದರೆ ಮೊದಲು ಆರುವುದೂ ಡಬ್ಬಿಯೇ. ಮೂರು ವಾರ, ನೂರ ಹನ್ನೆರಡು ಪರೀಕ್ಷೆ, ಒಂದರಲ್ಲೂ ಈ ಕ್ರಮ ತಪ್ಪಲಿಲ್ಲ. ಕೊನೆಯ ನಲವತ್ತು ಪರೀಕ್ಷೆಯಲ್ಲಿ ಒಂದು ತಪ್ಪೂ ಬರಲಿಲ್ಲ. ಶನಿವಾರ ನಿತ್ಯಾನಂದ ಟೈಪು ಮಾಡಿದ ಹಾಳೆ ತಂದಿಟ್ಟ. 'ಎಲ್ಲ ಪರೀಕ್ಷೆಗಳೂ ತೃಪ್ತಿಕರ. ಯಂತ್ರಗಳಿಗೆ ಜೋಡಿಸಬಹುದು.' ಕೃಷ್ಣರಾಜ ಲೈಸೆನ್ಸಿನ ನಂಬರು ಬರೆದು ಸಹಿ ಹಾಕಿದ. ಸಹಿಯ ಕೆಳಗೆ ಒಂದು ಗೆರೆಯನ್ನೂ ಎಳೆದ. ಅವನಿಗೆ ಅಷ್ಟು ಹೆಮ್ಮೆಯಾಗಿತ್ತು.

ಸೋಮವಾರ ಹನ್ನೊಂದು ಗಂಟೆಗೆ ಉದ್ಘಾಟನೆ. ಊರಿನ ಹಂಚಿನ ವ್ಯಾಪಾರಿಗಳೆಲ್ಲ ಬರುವವರಿದ್ದರು. 'ಕೈ ಮುಟ್ಟದ ಕಾರ್ಖಾನೆ' ಎಂದು ಕಾರ್ಡು ಅಚ್ಚಾಗಿ ಹಂಚಿಯೂ ಆಗಿತ್ತು. ಆ ಹೆಸರಿಗೆ ತಕ್ಕಂತೆ ನಿತ್ಯಾನಂದ ಹಸಿರು ಗುಂಡಿಗಳನ್ನು ಕಳಚಿಸಿ, ಕಂಪ್ಯೂಟರಿನ ಅಪ್ಪಣೆಯನ್ನು ಮೋಟಾರಿಗೆ ದಾಟಿಸುವ ರಿಲೇ ಪೆಟ್ಟಿಗೆಯಿಂದ ನೇರ ಸ್ಟಾರ್ಟರಿನ ಕಾಯಿಲಿಗೆ ತಂತಿ ಎಳೆಸಿದ್ದ. ರಿಲೇ ಪೆಟ್ಟಿಗೆಯ ಪ್ಲಗ್ಗು ಸಿಕ್ಕಿಸುವುದೊಂದೇ ಬಾಕಿ.

ಭಾನುವಾರ ಮಧ್ಯಾಹ್ನ ಕೃಷ್ಣರಾಜ ಒಬ್ಬನೇ ಆಫೀಸಿಗೆ ಬಂದ. ಕೆಲಸವೇನೂ ಇರಲಿಲ್ಲ, ಮನಸ್ಸು ತಡೆಯಲಿಲ್ಲ ಅಷ್ಟೆ. ಡಬ್ಬಿಯ ದೀಪಗಳು ತಾಳ ತಪ್ಪದೆ ಹತ್ತಿ ಆರುವುದನ್ನು ನೋಡುತ್ತ ಕೂತಿದ್ದಾಗ ಕರೆಂಟು ಹೋಯಿತು. ತೆರೆ ಕಪ್ಪಾಯಿತು, ದೀಪಗಳೂ ಆರಿದವು. ಡಬ್ಬಿಯ ಸ್ವಿಚ್ಚು ತೆಗೆಯಲು ಮರೆತು ಅವನು ಕಿಟಕಿಯಿಂದ ಬೆಂಗ್ರೆಯ ಕಡೆ ಹೋಗುವ ದೋಣಿ ನೋಡುತ್ತ ನಿಂತ.

ಹತ್ತು ನಿಮಿಷದಲ್ಲಿ ಕರೆಂಟು ಬಂತು. ಕಂಪ್ಯೂಟರ್ ತಾನಾಗಿ ಎಚ್ಚೆತ್ತು ಎಣಿಸತೊಡಗಿತು. ಡಬ್ಬಿಯಲ್ಲಿ ಒಂದೆರಡು ದೀಪ ಮಿಣುಕಿದವು. ಎಣಿಕೆ ಮುಗಿಯಿತು, ಬೀಪ್ ಎಂದಿತು. ಕೃಷ್ಣರಾಜ ತಿರುಗಿ ನೋಡಿದರೆ ಡಬ್ಬಿಯ ಮೇಲೆ ನಾಲ್ಕು ದೀಪ ನೆಟ್ಟಗೆ ಉರಿಯುತ್ತಿದ್ದವು. ಎರಡು, ನಾಲ್ಕು, ಆರು, ಎಂಟು.

ಅವನ ಪ್ರೋಗ್ರಾಮು ಇನ್ನೂ ಬಂದಿರಲಿಲ್ಲ. ಫ್ಲಾಪಿ ಗರಗರ ಎನ್ನುತ್ತಿತ್ತು. ನಲವತ್ತು ಸೆಕೆಂಡು ಆ ನಾಲ್ಕು ದೀಪ ಉರಿದವು. ಪ್ರೋಗ್ರಾಮಿನ ಮೊದಲ ಸಾಲು ಓಡಿದ್ದೇ ತಡ, ಏನೂ ಆಗದವರಂತೆ ಎಲ್ಲ ಒಟ್ಟಿಗೆ ಆರಿದವು. 'ಆರಂಭಿಸಲೇ?' ಎಂದು ತೆರೆ ವಿನಯದಿಂದ ಕೇಳಿತು.

ಕೃಷ್ಣರಾಜ ಕಂಪ್ಯೂಟರಿನ ಸ್ವಿಚ್ಚು ತೆಗೆದು ಹಾಕಿದ. ಎಣಿಕೆ, ಬೀಪ್, ಎರಡು ನಾಲ್ಕು ಆರು ಎಂಟು. ಇನ್ನೊಮ್ಮೆ. ಅದೇ ನಾಲ್ಕು. ಐದನೆಯ ಸಲಕ್ಕೆ ವಿಷಯ ಅವನಿಗೆ ಸ್ಪಷ್ಟವಾಯಿತು. ಯಂತ್ರ ಏಳುವಾಗ ಪ್ರಿಂಟರಿನ ದಾರಿ ಸರಿಯಿದೆಯೇ ಎಂದು ತಾನೇ ಒಂದು ಗುರುತು ಬರೆದು ನೋಡುತ್ತದೆ, ಒಂದು ಬಿಟ್ಟು ಒಂದು ತಂತಿಗೆ ಕರೆಂಟು ಕೊಡುತ್ತದೆ, ಕೊಟ್ಟದ್ದನ್ನು ತೆಗೆಯುವುದಿಲ್ಲ. ಪ್ರಿಂಟರಿಗೆ ಅದರಿಂದ ಏನೂ ಆಗದು. ಇಲ್ಲಿ ನಾಲ್ಕನೆಯ ತಂತಿಯ ತುದಿಯಲ್ಲಿ ಪಗ್‌ಮಿಲ್ಲು ಇತ್ತು. ಏಳನೆಯ ತಂತಿಯ ಸೈರನ್ ಮಾತ್ರ ಕೂಗುವುದಿಲ್ಲ.

ಅವನ ಸಿಮ್ಯುಲೇಟರ್ ಬೆಲ್ಟು ಸಿಕ್ಕಿಕೊಂಡದ್ದನ್ನು ಬಲ್ಲುದು, ಟ್ಯಾಂಕಿ ಬರಿದಾದದ್ದನ್ನು ಬಲ್ಲುದು. ತಾನು ಹುಟ್ಟುವ ಮೊದಲಿನ ಎರಡು ನಿಮಿಷವನ್ನು ಅದು ಹೇಗೆ ಬಲ್ಲುದು? ಅದನ್ನು ನೋಡಬೇಕಾದದ್ದು ಡಬ್ಬಿ. ಆ ಡಬ್ಬಿಯ ಕಣ್ಣನ್ನು ನಾಲ್ಕು ಸೆಲ್ಲಿನ ಆಸೆಗೆ ಮುಚ್ಚಿ ಇಟ್ಟವನು ಇವನೇ. ಕರೆಂಟು ಹೋದಾಗ ಅಪ್ಪಿಯ ಕೈ ಎಲ್ಲಿರುತ್ತದೆ, ಬಂದಾಗ ಎಲ್ಲಿರುತ್ತದೆ ಎಂದು ಇಡೀ ಕಾರ್ಖಾನೆಯಲ್ಲಿ ಇವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಸಂಜೆ ನಿತ್ಯಾನಂದ ಬಂದಾಗ ಕೃಷ್ಣರಾಜ ಮೂರು ಸಲ ತೋರಿಸಿದ. ನಿತ್ಯಾನಂದ ದಡ್ಡನಲ್ಲ. ಮೊದಲ ಸಲಕ್ಕೇ ಅರ್ಥವಾಯಿತು, ಹಣೆ ಒರೆಸಿಕೊಂಡ.

"ನಾಲ್ಕನ್ನು ಐದಕ್ಕೆ ಹಾಕಿದ್ರೆ ಆಯ್ತಲ್ಲ ಭಟ್ರೇ? ಐದು ಹತ್ತುವುದಿಲ್ಲ."

"ಬೀಪ್ ಆಗುವ ಮೊದಲು ಯಾವುದು ಮಿಣುಕುತ್ತದೆ ಅಂತ ಹೇಳ್ಲಿಕ್ಕಾಗುವುದಿಲ್ಲ. ಈ ಕಂಪ್ಯೂಟರ್ ಹಾಳಾಗಿ ಬೇರೆ ತಂದ್ರೆ ಅದರ ಕಥೆ ಬೇರೆ. ಹಸಿರು ಗುಂಡಿ ವಾಪಸ್ ಬೇಕು. ಕರೆಂಟು ಹೋದ್ರೆ ಎಲ್ಲ ಕೈಬಿಡಬೇಕು, ಬಂದ ಮೇಲೆ ಒಬ್ಬ ಹೋಗಿ ನೋಡಿ ಒತ್ತಬೇಕು. ಆಮೇಲೆ ಕಂಪ್ಯೂಟರ್ ನಡೆಸಲಿ."

"ಎಷ್ಟು ದಿನ?"

"ತಂತಿಗೆ ಎರಡು. ಪುನಃ ಪರೀಕ್ಷೆಗೆ ಎರಡು."

"ನಾಳೆ ಹನ್ನೊಂದಕ್ಕೆ ಜನ ಬರ್ತಾರೆ ಮಾರಾಯ್ರೇ!" ನಿತ್ಯಾನಂದನ ದನಿ ಏರಿತು, ಆಮೇಲೆ ತಾನಾಗಿ ಇಳಿಯಿತು. "ಕಾರ್ಡಿನಲ್ಲಿ ಎಂತ ಬರೆದದ್ದು? ಗುಂಡಿ ಒತ್ತಿ ತೋರಿಸ್ಲಿಕ್ಕೆ ಅವರನ್ನು ಕರೆಯಬೇಕಿತ್ತಾ? ನಾಳೆ ಕರೆಂಟು ತೆಗೆಯುವುದಿಲ್ಲ ಅಂತ ಬೋರ್ಡಿನವರು ಹೇಳಿದ್ದಾರೆ. ನಾಳೆ ಒಂದು ದಿನ ಆಗ್ಲಿ. ಮಂಗಳವಾರ ನಿಮ್ಮ ಗುಂಡಿ ಹಾಕುವ."

ಕೃಷ್ಣರಾಜ ಇಪ್ಪತ್ತೆರಡು ವರ್ಷದಲ್ಲಿ ಇಂಥ ಎಷ್ಟು ಮಂಗಳವಾರ ಕಂಡಿರಲಿಕ್ಕಿಲ್ಲ! ಒಡೆದ ಸ್ವಿಚ್ಚಿನ ಮಂಗಳವಾರ, ಸೋರುವ ಪ್ಯಾನೆಲ್ಲಿನ ಮಂಗಳವಾರ. ಯಂತ್ರ ಒಮ್ಮೆ ಓಡತೊಡಗಿದರೆ ಆ ಮಂಗಳವಾರಗಳು ಬರುವುದೇ ಇಲ್ಲ.

"ಧಣಿಗಳಿಗೆ ಒಮ್ಮೆ ಹೇಳಿದ್ರೆ..." ಎಂದ.

"ಎಂತ ಹೇಳುವುದು? ಎಲ್ಲ ತೃಪ್ತಿಕರ ಅಂತ ಸಹಿ ಇರುವುದು ಯಾರದ್ದು?"

ನಿತ್ಯಾನಂದ ಅದನ್ನು ಹೆದರಿಸಲು ಹೇಳಿದ್ದಲ್ಲ, ಅವನಿಗೂ ಅಳು ಬರುವಂತಾಗಿತ್ತು. ಆದರೂ ಮಾತು ನಾಟಬೇಕಾದಲ್ಲಿ ನಾಟಿತು. ಹೇಳಿದರೆ ತಾನು ಸುಳ್ಳು ಸಹಿ ಹಾಕಿದವ. ಹೇಳದಿದ್ದರೆ ನಾಳೆ ಏನಾದರೂ ಆದಾಗಲೂ ಆ ಸಹಿ ತನ್ನದೇ. ಒಲ್ಲೆ ಎಂದು ಎದ್ದು ಹೋದರೆ ಆ ಪ್ಲಗ್ಗು ಸಿಕ್ಕಿಸಲು ಲೈಸೆನ್ಸು ಬೇಡ, ಯಾರೂ ಸಿಕ್ಕಿಸಬಹುದು. ದೇರೆಬೈಲಿನ ಮನೆಯಲ್ಲಿ ಎಪ್ಪತ್ತೆಂಟರ ಅಪ್ಪಯ್ಯ ನಾಳೆಯ ಉದ್ಘಾಟನೆಗೆಂದೇ ಗಣಹೋಮದ ಪ್ರಸಾದ ಕಟ್ಟಿ ಇಟ್ಟಿದ್ದರು.

ಅಂದು ಅವನಿಗೆ ಊಟ ಸೇರಲಿಲ್ಲ. "ಎಂತ ಆಯ್ತು?" ಎಂದು ವಾರಿಜಾಕ್ಷಿ ಕೇಳಿದಳು. "ಎಂತ ಇಲ್ಲ," ಎಂದ. ಅವಳಿಗಾದರೂ ಹೇಳಬಹುದಿತ್ತು. ಹೇಳಲಿಲ್ಲ ಮಹಾಶಯ.

ಸೋಮವಾರ ಎಂಟು ಗಂಟೆಗೆ ಕೃಷ್ಣರಾಜ ಮಣ್ಣಿನ ಶೆಡ್ಡಿಗೆ ಹೋದ. ಗೋಡೆಯಲ್ಲಿ ಒಂದೇ ಬಗೆಯ ಆರು ಬೋರ್ಡು, ಒಂದೊಂದರಲ್ಲಿ ಮೂರು ಮೂರು ಪಿಂಗಾಣಿ ಫ್ಯೂಸು. ಮಿಲ್ಲಿನ ಬೋರ್ಡಿನ ಮೂರು ಫ್ಯೂಸು ಕಿತ್ತು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಈಗ ಕಾಯಿಲು ಹಿಡಿದರೂ ಮೋಟಾರಿಗೆ ಕರೆಂಟು ಹೋಗದು. ಕಾಯಿಲಿನ ಸಣ್ಣ ತಂತಿ ಬರುವುದು ಬೇರೆ ದಾರಿಯಲ್ಲಿ. ಅವನು ಹಾಕಿಕೊಂಡ ಲೆಕ್ಕ ಇಷ್ಟು: ಹನ್ನೊಂದಕ್ಕೆ ಸರಿಯಾಗಿ ಫ್ಯೂಸು ಮರಳಿ ಹಾಕುವುದು, ಜನ ಹೋಗುವವರೆಗೆ ತಾನೇ ಮಿಲ್ಲಿನ ಬಾಯಿಗೆ ಅಡ್ಡ ನಿಲ್ಲುವುದು, ಎಲ್ಲರೂ ಹೋದ ಮೇಲೆ ಪುನಃ ಕೀಳುವುದು. ಯಾರಿಗೂ ಎದುರಾಡಬೇಕಿಲ್ಲ, ಯಾರ ಕೈಯೂ ಹೋಗುವುದಿಲ್ಲ. ಇದನ್ನು ಜಾಣತನ ಎಂದು ಅವನು ಕರೆದುಕೊಂಡ. ನಾನಾದರೆ ಬೇರೆ ಹೆಸರು ಇಡುತ್ತಿದ್ದೆ.

ಎಂಟೂವರೆಗೆ ನಿತ್ಯಾನಂದ ತಾನೇ ರಿಲೇ ಪೆಟ್ಟಿಗೆಯ ಪ್ಲಗ್ಗು ಸಿಕ್ಕಿಸಿದ. ದೀಪದ ಡಬ್ಬಿ ಪಕ್ಕದಲ್ಲೇ ಇರಲಿ, ಜನಕ್ಕೆ ನೋಡಲು ಚಂದ ಎಂದು ಪೆಟ್ಟಿಗೆಗೂ ಡಬ್ಬಿಗೂ ಹೋಗುವ ಎರಡು ಬಾಲದ ವೈರು ಹಾಕಿದ. "ಭಟ್ರೇ, ನೀವು ಇನ್ನು ಈ ಕುರ್ಚಿ ಬಿಟ್ಟು ಏಳುವುದು ಬೇಡ. ಜನ ಬರುವವರೆಗೆ ಇದರ ಮೇಲೆ ಕಣ್ಣು ಇರಲಿ," ಎಂದು ಹೇಳಿ ಹಾರ ತರಲು ಹೋದ.

ಒಂಬತ್ತು ನಲವತ್ತಕ್ಕೆ ಕರೆಂಟು ಹೋಯಿತು. ಬೋರ್ಡಿನವರ ಮಾತು ಬೋರ್ಡಿನವರಿಗೇ ಇರಲಿ.

ಆಫೀಸಿನ ಫ್ಯಾನು ನಿಂತ ನಿಶ್ಶಬ್ದದಲ್ಲಿ ಶೆಡ್ಡಿನ ಸದ್ದು ಕೇಳಿತು. ಮೊದಲು ಹೆಂಗಸರ ಮಾತು, ಆಮೇಲೆ ಮಿಲ್ಲಿನ ಮುಚ್ಚಳ ಕಲ್ಲಿಗೆ ಬಡಿದ ಸದ್ದು. ಶನಿವಾರ ತಂತಿ ಎಳೆಯುವ ಗಡಿಬಿಡಿಯಲ್ಲಿ ಒದ್ದೆ ಗೋಣಿ ಮುಚ್ಚಿ ಬಿಟ್ಟ ಮಣ್ಣು ಒಳಗೇ ಇತ್ತಲ್ಲ. ಇಂದು ತೊಳೆಯಬೇಡಿ ಎಂದು ಅವರಿಗೆ ಹೇಳಬೇಕಿತ್ತು. ಹೇಳಿದರೆ ಏಕೆ ಎಂದು ಕೇಳುತ್ತಾರೆ, ಏಕೆ ಎಂದರೆ ಎಲ್ಲವೂ ಹೊರಗೆ ಬೀಳುತ್ತದೆ. ಹೇಗೂ ಫ್ಯೂಸು ನನ್ನ ಜೇಬಿನಲ್ಲಿದೆಯಲ್ಲ ಎಂದು ಅವನು ಕುರ್ಚಿಯಲ್ಲೇ ಕೂತ.

ಹದಿಮೂರು ನಿಮಿಷದ ಮೇಲೆ ಆಫೀಸಿನ ಫ್ಯಾನು ತಿರುಗಿತು. ತೆರೆಯ ಮೇಲೆ ಎಣಿಕೆ ಶುರುವಾಯಿತು. ಅರವತ್ತನಾಲ್ಕು, ನೂರ ಇಪ್ಪತ್ತೆಂಟು. ಕೃಷ್ಣರಾಜ ಜೇಬು ಮುಟ್ಟಿಕೊಂಡ. ಮೂರು ಪಿಂಗಾಣಿ ತುಂಡು. ಇನ್ನೂರ ಐವತ್ತಾರು. ಆಗ ಅವನಿಗೆ ಒಂದು ಸಂಶಯ ಬಂತು. ಬೋರ್ಡುಗಳು ಆರು, ಎಲ್ಲ ಒಂದೇ ಬಗೆ. ಬೆಳಿಗ್ಗೆ ಯಾರಾದರೂ ನೋಡಿಯಾರೆಂದು ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದ. ತಾನು ಕಿತ್ತದ್ದು ಎಡದಿಂದ ಮೂರನೆಯದೋ ನಾಲ್ಕನೆಯದೋ? ಮಿಲ್ಲಿನದೋ, ರೋಲರಿನದೋ? ಮೋಟಾರು ಓಡಿಸಿ ಖಚಿತ ಮಾಡಿಕೊಂಡಿರಲಿಲ್ಲ. ಕದ್ದು ಮಾಡುವ ಕೆಲಸವನ್ನು ಪರೀಕ್ಷೆ ಮಾಡುವುದು ಹೇಗೆ?

ನಾನೂರು ದಾಟಿತು. ಕೃಷ್ಣರಾಜ ಎದ್ದ. ಮೊದಲು ಪ್ಲಗ್ಗು ಕಿತ್ತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಆದರೆ ಆ ಬುದ್ಧಿ ಆ ಗಳಿಗೆಗೆ ಬರಲಿಲ್ಲ. ಅವನ ಕಣ್ಣ ಮುಂದೆ ಇದ್ದದ್ದು ಬರೀ ಕೈಗಳು. ಕುರ್ಚಿ ಉರುಳಿತು. ಅಂಗಳದ ಚಪ್ಪರದ ಕೆಳಗೆ, ಹಂಚಿನ ಸಾಲುಗಳ ನಡುವೆ, ಜೀವಮಾನದಲ್ಲಿ ಓಡದವನು ಓಡಿದ. "ಕೈ ತೆಗೀರಿ" ಎಂದು ಕೂಗಲು ಬಾಯಿ ತೆರೆದ. ದನಿಯೇ ಬರಲಿಲ್ಲ. ಹಿಂದೆ ಕಿಟಕಿಯಿಂದ ಬೀಪ್ ಕೇಳಿತು.

ಅವನು ಶೆಡ್ಡಿನ ಬಾಗಿಲಲ್ಲಿದ್ದಾಗ ಗೋಡೆಯ ಸ್ಟಾರ್ಟರ್ ಠಕ್ ಎಂದಿತು.

ಅಪ್ಪಿ ಮಿಲ್ಲಿನ ಮೇಲೆ ಬಗ್ಗಿದ್ದಳು. ಎರಡೂ ಕೈ ಮೊಣಕೈವರೆಗೆ ಒಳಗೆ. ಅವಳ ಪಕ್ಕದಲ್ಲಿ ಶೀನಪ್ಪ ಶೆಟ್ಟರು ಬಿಳಿ ಪಂಚೆ ಎತ್ತಿ ಹಿಡಿದು, ಅವಳ ಮೊಮ್ಮಗಳ ಶಾಲೆಯ ವಿಷಯ ಕೇಳುತ್ತ ನಿಂತಿದ್ದರು. ಕೃಷ್ಣರಾಜ ಕಂಬ ಹಿಡಿದುಕೊಂಡ. ಒಂದು ಕ್ಷಣ, ಎರಡು ಕ್ಷಣ. ದಿಂಡು ಅಲ್ಲಾಡಲಿಲ್ಲ. ಫ್ಯೂಸು ಮಿಲ್ಲಿನದ್ದೇ ಆಗಿತ್ತು.

"ಎಂತದು ಶಬ್ದ?" ಎಂದಳು ಅಪ್ಪಿ, ಕೈ ತೆಗೆಯದೆ.

ಇಪ್ಪತ್ತರ ಪ್ರಾಯದಿಂದ ಇದೇ ಶೆಡ್ಡಿನಲ್ಲಿ ನಿಂತು ಹಂಚು ಮಾಡಿಸಿದವರು ಶೆಟ್ಟರು. ಆ ಠಕ್ಕಿನ ಅರ್ಥ ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. "ಅಪ್ಪೀ, ಕೈ ಹೊರಗೆ ತೆಗಿ," ಎಂದರು ಮೆಲ್ಲಗೆ. ಅವಳು ತೆಗೆದಳು. ಶೆಟ್ಟರ ಕಣ್ಣು ಸ್ಟಾರ್ಟರಿನ ಹತ್ತಿರ ಯಾರೂ ಇಲ್ಲದ ಜಾಗಕ್ಕೆ ಹೋಯಿತು, ಅಲ್ಲಿಂದ ಬಾಗಿಲಿಗೆ ಬಂತು.

"ಈಗ ಇದನ್ನು ಒತ್ತಿದ್ದು ಯಾರು ಭಟ್ರೇ?"

"ಯಾರೂ ಅಲ್ಲ ಧಣಿಗಳೇ."

"ಮತ್ತೆ ಮಿಲ್ಲು ಯಾಕೆ ತಿರುಗ್ಲಿಲ್ಲ?"

ಕೃಷ್ಣರಾಜ ಜೇಬಿನಿಂದ ಮೂರು ಫ್ಯೂಸು ತೆಗೆದು ಅಂಗೈಯಲ್ಲಿ ಹಿಡಿದ. ಆಮೇಲೆ ಎಲ್ಲವನ್ನೂ ಹೇಳಿದ. ಸೆಲ್ಲು ಉಳಿಸಿದ್ದು, ನಾಲ್ಕನೆಯ ದೀಪ, ಸಹಿ, ಭಾನುವಾರ ತೋರಿಸಿದ್ದು, ಹನ್ನೊಂದು ಗಂಟೆಗೆ ಫ್ಯೂಸು ಹಾಕಬೇಕೆಂದಿದ್ದದ್ದು. ಅಷ್ಟರಲ್ಲಿ ಹಾರದ ಬುಟ್ಟಿ ಹಿಡಿದು ಬಂದ ನಿತ್ಯಾನಂದ ಬಾಗಿಲಲ್ಲೇ ನಿಂತ. ಒಂದು ಮಾತಿಗೂ ಅಲ್ಲ ಎನ್ನಲಿಲ್ಲ, ಅದು ಅವನ ದೊಡ್ಡತನ. ಅಪ್ಪಿ ತನ್ನ ಎರಡು ಕೈಯನ್ನೂ ಮುಂದೆ ಹಿಡಿದು, ಮಣ್ಣು ಮೆತ್ತಿದ ಬೆರಳುಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಶೆಟ್ಟರು ಅಳಿಯನಿಗೆ ಹೇಳಿದ್ದು ಎರಡೇ ಮಾತು. "ಬಂದವರಿಗೆ ದೀಪದ ಆಟ ತೋರಿಸು. ಯಂತ್ರ ಇವತ್ತು ಇಲ್ಲ." ಆಮೇಲೆ ಕೃಷ್ಣರಾಜನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡ. ಹೊಗಳುತ್ತಾರೆ ಎಂದೂ ಮನಸ್ಸಿನ ಒಂದು ಮೂಲೆಯಲ್ಲಿ ಆಸೆಯಿತ್ತು, ಸುಳ್ಳು ಯಾಕೆ ಹೇಳಬೇಕು?

"ಫ್ಯೂಸು ಜೇಬಿನಲ್ಲಿ ಇಟ್ಟುಕೊಂಡಿದ್ರಿ ಭಟ್ರೇ," ಎಂದರು ಶೆಟ್ಟರು. "ಬಾಯಲ್ಲಿ ಎಂತ ಇಟ್ಟುಕೊಂಡಿದ್ರಿ?"

ನಿಮ್ಮ ಮನೆ, ನಿಮ್ಮ ಬಾವಿ, ನಿಮ್ಮ ದೇವಸ್ಥಾನ ಎಂದು ಕೃಷ್ಣರಾಜ ಹೇಳಬಹುದಿತ್ತು. ಆದರೆ ಎದುರಿಗೆ ನಿಂತ ಮುದುಕ ಅವುಗಳಲ್ಲಿ ಒಂದನ್ನೂ ಅವನ ಬಾಯಿಗೆ ತುರುಕಿರಲಿಲ್ಲ ಎಂದು ಆಗ ತಿಳಿಯಿತು. ಬೀಗ ಅವನದ್ದೇ ಆಗಿತ್ತು. ಅದು ತಿಳಿದು ನಾಚಿಕೆಯಾಯಿತು.

ಬಂದ ವ್ಯಾಪಾರಿಗಳು ತೆರೆಯ ಮೇಲಿನ ಚುಕ್ಕಿ ಮಣ್ಣನ್ನೂ ಹತ್ತಿ ಆರುವ ದೀಪಗಳನ್ನೂ ಬಹಳ ಮೆಚ್ಚಿ, ಅಪ್ಪಯ್ಯನ ಪ್ರಸಾದ ತಿಂದು, ಕಾಫಿ ಕುಡಿದು ಹೋದರು. ಆ ವಾರ ಹಸಿರು ಗುಂಡಿಗಳು ಗೋಡೆಗೆ ಮರಳಿದವು. ನಿತ್ಯಾನಂದನೇ ಸ್ಕ್ರೂ ಹಿಡಿದುಕೊಟ್ಟ. ಕೃಷ್ಣರಾಜ ನೂರ ಹನ್ನೆರಡು ಪರೀಕ್ಷೆಯನ್ನೂ ಮೊದಲಿಂದ ಮಾಡಿದ. ಈ ಬಾರಿ ಡಬ್ಬಿಯ ಸ್ವಿಚ್ಚು ಎಲ್ಲಕ್ಕಿಂತ ಮೊದಲು ಹಾಕಿ ಎಲ್ಲಕ್ಕಿಂತ ಕೊನೆಗೆ ತೆಗೆದ, ಹದಿನಾರು ಸೆಲ್ಲು ಮುಗಿದವು. ಹೊಸ ಹಾಳೆಯಲ್ಲಿ ಮೊದಲ ಪರೀಕ್ಷೆಯ ಹೆಸರು 'ಕರೆಂಟು ಹೋಗಿ ಬಂದಾಗ'. ಸಹಿಯ ಕೆಳಗೆ ಗೆರೆ ಎಳೆಯಲಿಲ್ಲ.

ಮೊದಲ ಹಾಳೆಯನ್ನು ಹರಿದು ಹಾಕಲು ಮನಸ್ಸಾಗದೆ ಮೇಜಿನ ಖಾನೆಯಲ್ಲಿಟ್ಟ. ಈಗಲೂ ಅವನು ಶೆಟ್ಟರ ಮನೆಯಲ್ಲೇ ಇದ್ದ, ಶೆಟ್ಟರ ಕುರ್ಚಿಯಲ್ಲೇ ಕೂರುತ್ತಿದ್ದ. ಕುರ್ಚಿ ಮೊದಲಿಗಿಂತ ಬಿಗಿಯಾಯಿತು ಎಂದರೂ ತಪ್ಪಲ್ಲ. ಏಕೆಂದರೆ ಅಪ್ಪಿ ಒಂದು ಹೊಸ ಕಾನೂನು ಮಾಡಿದಳು. ಗುಂಡಿ, ಕಾಯಿಲು, ಕಂಪ್ಯೂಟರು ಯಾವುದನ್ನೂ ಅವಳು ನಂಬುವುದಿಲ್ಲ. ಭಟ್ಟರು ಫ್ಯೂಸು ಕಿತ್ತು, ಕೈಯಲ್ಲಿ ಹಿಡಿದು, ಅವಳಿಗೆ ಕೇಳುವಂತೆ ಹೇಳಬೇಕು. ಇಲ್ಲವಾದರೆ ಮಣ್ಣು ಕಲ್ಲಾದರೂ ಅವಳು ಮುಚ್ಚಳ ಎತ್ತುವುದಿಲ್ಲ.

ಮುಂದಿನ ಸಲ ಕರೆಂಟು ಹೋದದ್ದು ಗುರುವಾರ. ಕೃಷ್ಣರಾಜ ಅರ್ಧ ಊಟ ಬಿಟ್ಟು ಎದ್ದು ಬಂದು ಬೋರ್ಡಿನ ಮುಂದೆ ನಿಂತು ಮಿಲ್ಲಿನ ಫ್ಯೂಸು ಕಿತ್ತ. ಮಿಲ್ಲಿನ ಹತ್ತಿರದಿಂದ ಅಪ್ಪಿ ಕೂಗಿದಳು:

"ಭಟ್ರೇ, ಕೈ ಹಾಕ್ಲಾ?"

"ಹಾಕಿ ಅಪ್ಪಿಯಕ್ಕ," ಎಂದ ಕೃಷ್ಣರಾಜ ತನ್ನ ಸಣ್ಣ ದನಿಯಲ್ಲಿ.

"ಕೇಳುವುದಿಲ್ಲ!"

ಸುತ್ತ ನಿಂತ ಹೆಂಗಸರೆಲ್ಲ ಅವನನ್ನೇ ನೋಡುತ್ತಿದ್ದರು. ಅವನು ಮೂರು ಫ್ಯೂಸನ್ನೂ ತಲೆಯ ಮೇಲೆತ್ತಿ ಹಿಡಿದು, ಕತ್ತಿನ ನರ ಉಬ್ಬುವಂತೆ, ಹೊಳೆಯ ಆಚೆಗೂ ಕೇಳುವಂತೆ ಕೂಗಿದ:

"ಹಾಕಿ!"